ಬಾಕಿ ಹಣ ಬಾರದ ತೋಟದ ಕರಾರು: ಬದಿಯಡ್ಕ ಕಡೆಯ ಒಂದು ಗಡುವು ನೋಟೀಸಿನ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಅಡಿಕೆ ತೋಟ. ಕರಾರಿನ ಪ್ರಕಾರ 1 ಎಕರೆ 20 ಸೆಂಟು, ಮಧ್ಯದಲ್ಲಿ ಹಂಚಿನ ಹಳೇ ಮನೆ. ಮಾಲೀಕರು ನಿವೃತ್ತ ಶಾಲಾ ಮಾಸ್ತರು ಮತ್ತು ಅವರ ಹೆಂಡತಿ, ಇಬ್ಬರ ಹೆಸರಲ್ಲೂ ಜಾಗದ ಆಧಾರ, ಅಂದರೆ ದಸ್ತಾವೇಜು, ಇದೆ. ಕೊಳ್ಳಲು ಬಂದವರು ಅದೇ ಸೀಮೆಯವರು, ಗಲ್ಫಿನಲ್ಲಿ ಕೆಲಸ. ಸೆಂಟಿಗೆ 35,000 ರೂಪಾಯಿಯಂತೆ ಮಾತಾಯಿತು. ಒಟ್ಟು 42 ಲಕ್ಷ. 2024ರ ಜನವರಿ 10ಕ್ಕೆ ಕರಾರು, 4 ಲಕ್ಷ ಅಡ್ವಾನ್ಸು, ಆರು ತಿಂಗಳ ಅವಧಿ. ಅಂದರೆ ಜುಲೈ 10ರ ಒಳಗೆ ಬಾಕಿ ಕೊಟ್ಟು ರಿಜಿಸ್ಟ್ರಿ ಮಾಡಿಸಿಕೊಳ್ಳಬೇಕು. ಹೆಸರುಗಳನ್ನು ಮತ್ತು ಗುರುತು ಸಿಗುವ ವಿವರಗಳನ್ನು ಬಿಟ್ಟು ಈ ಪ್ರಕರಣ ಬರೆಯುತ್ತಿದ್ದೇನೆ. ಮಾಲೀಕರ ಪರವಾಗಿ ನೋಟೀಸು ಬರೆದವನು ನಾನೇ.

ಜುಲೈ 10 ದಾಟಿತು. ಹಣ ಬರಲಿಲ್ಲ. ಆಗಸ್ಟಿನಲ್ಲಿ ಮಾಸ್ತರ ಖಾತೆಗೆ 3 ಲಕ್ಷ ಬಂತು, ಅವರು ಇಟ್ಟುಕೊಂಡರು. ಆಮೇಲೆ ವಾಟ್ಸಾಪಿನಲ್ಲಿ ಮೆಸೇಜುಗಳು ಮಾತ್ರ. "ಮಾಷ್ಟ್ರೇ, ಬ್ಯಾಂಕ್ ಲೋನು ಆಗ್ತಾ ಉಂಟು." "ದೀಪಾವಳಿ ಕಳೀಲಿ ಮಾಷ್ಟ್ರೇ." ಮಾಸ್ತರು ಪ್ರತಿ ಸಲವೂ "ಆಯ್ತು, ಬೇಗ ಮಾಡಿ" ಎಂದು ಉತ್ತರ ಹಾಕಿದ್ದಾರೆ. ಇತ್ತ ಮಗಳ ಹತ್ತಿರ ಇರೋಣ ಅಂತ ಮಂಗಳೂರಿನಲ್ಲಿ ನೋಡಿದ ಫ್ಲ್ಯಾಟಿಗೆ ಕೊಟ್ಟ 1 ಲಕ್ಷ ಟೋಕನ್ ಹಣವೂ ಹೋಯಿತು. 2025ರ ಫೆಬ್ರವರಿಯಲ್ಲಿ ಕರಾರು ಪತ್ರ ಹಿಡಿದುಕೊಂಡು ಬಂದು ಮಾಸ್ತರು ಕೇಳಿದ್ದು ಒಂದೇ: "ವಕೀಲರೇ, ಅವಧಿ ಮುಗಿದು ಏಳು ತಿಂಗಳಾಯ್ತು. ಕರಾರು ರದ್ದಾಗಿದೆ ಅಂತ ಇವತ್ತೇ ಒಂದು ನೋಟೀಸು ಕಳಿಸಿ. ಬೇರೆ ಪಾರ್ಟಿ ಇದ್ದಾರೆ."

ಅಂಥ ನೋಟೀಸು ಅಂದು ಕಳಿಸಲಿಲ್ಲ. ಕಳಿಸಿದ್ದರೆ ಕೊಳ್ಳುವವರಿಗೇ ಅನುಕೂಲವಾಗುತ್ತಿತ್ತು.

ಕಾರಣ ಹೀಗಿದೆ. ಜಾಗದ ಮಾರಾಟದ ಕರಾರಿನಲ್ಲಿ ತಾರೀಕು ಬರೆದ ಮಾತ್ರಕ್ಕೆ ಆ ತಾರೀಕೇ ಕರಾರಿನ ಜೀವಾಳ ಎಂದು ಕೋರ್ಟು ಸಾಮಾನ್ಯವಾಗಿ ಹಿಡಿಯುವುದಿಲ್ಲ. 1992ರ ಡಿಸೆಂಬರಿನಲ್ಲಿ ಚಾಂದ್ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನೇ ಹೇಳಿತು. ಕರಾರಿನ ಮಾತು, ಜಾಗದ ಸ್ವರೂಪ, ಸುತ್ತಲಿನ ಸಂಗತಿ ನೋಡಿ ಅವಧಿ ಕಟ್ಟುನಿಟ್ಟೋ ಅಲ್ಲವೋ ಎಂದು ತೀರ್ಮಾನಿಸಬೇಕು ಎಂದೂ ಹೇಳಿತು. 2011ರ ಸಾರದಾಮಣಿ ಕಂದಪ್ಪನ್ ಪ್ರಕರಣದಲ್ಲಿ ಜಾಗದ ಬೆಲೆ ವೇಗವಾಗಿ ಏರುವ ಈ ಕಾಲಕ್ಕೆ ಆ ಹಳೇ ಧೋರಣೆಯನ್ನು ಮತ್ತೆ ಯೋಚಿಸಬೇಕು ಎಂಬ ಮಾತು ಬಂದಿದೆ, ನಿಜ. ಅದು ಮಾರುವವರಿಗೆ ಸ್ವಲ್ಪ ಬಲ. ಆದರೆ ಮಾಸ್ತರ ವಿಷಯದಲ್ಲಿ ಅದೂ ಪೂರ್ತಿ ನೆರವಿಗೆ ಬರುವುದಿಲ್ಲ. ಅವಧಿ ಮುಗಿದ ಮೇಲೆ 3 ಲಕ್ಷ ತೆಗೆದುಕೊಂಡರು. "ಆಯ್ತು, ಬೇಗ ಮಾಡಿ" ಎಂದರು. ಜುಲೈ 10ರ ಗಡುವನ್ನು ತಾವೇ ಸಡಿಲ ಮಾಡಿದ ಹಾಗಾಯಿತು. ಒಮ್ಮೆ ಸಡಿಲ ಮಾಡಿದವರು ಒಂದು ಬೆಳಿಗ್ಗೆ ಎದ್ದು "ಮುಗಿಯಿತು" ಎನ್ನಲು ಆಗುವುದಿಲ್ಲ. ಸಾಕಷ್ಟು ಸಮಯ ಕೊಟ್ಟು, ಇಂಥ ದಿನದೊಳಗೆ ಆಗದಿದ್ದರೆ ಕರಾರು ಇರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಅವಧಿಯನ್ನು ಮತ್ತೆ ಬಿಗಿ ಮಾಡಬೇಕು. ಗಡುವು ನೋಟೀಸಿನ ಕೆಲಸ ಇಷ್ಟೇ.

ಸುಮ್ನೆ ಕೂತರೂ ಕಷ್ಟ. ಕರಾರಿನಲ್ಲಿ ತಾರೀಕು ಇದ್ದರೆ, ಜಾಗ ಬರೆಸಿಕೊಡಿ ಎಂದು ದಾವೆ ಹಾಕಲು ಕೊಳ್ಳುವವರಿಗೆ ಆ ತಾರೀಕಿನಿಂದ ಮೂರು ವರ್ಷ ಇದೆ. ಇಲ್ಲಿ ಕನಿಷ್ಠ 2027ರ ಜುಲೈವರೆಗೆ. 2018ರ ಅಕ್ಟೋಬರಿನಲ್ಲಿ ತಿದ್ದುಪಡಿ ಜಾರಿಯಾದ ಮೇಲೆ, ಕೊಳ್ಳುವವರು ತಮ್ಮ ಕಡೆಯಿಂದ ಸಿದ್ಧರಿದ್ದರು ಎಂದು ತೋರಿಸಿದರೆ ಕೋರ್ಟು ಜಾಗ ಬರೆಸಿಕೊಡುವ ಆದೇಶವನ್ನೇ ಕೊಡುವ ಸಂಭವ ಹೆಚ್ಚು. ಮೊದಲಿನ ಹಾಗೆ "ದುಡ್ಡು ವಾಪಸು ಕೊಟ್ಟರೆ ಸಾಕು" ಎಂದು ಬಿಡುವ ವಿವೇಚನೆ ಈಗ ಕಡಿಮೆ. ಅಂದರೆ ಬೇರೆ ಪಾರ್ಟಿಗೆ ಮಾರಿದರೆ ಆ ಹೊಸಬರೂ ಕೇಸಿನಲ್ಲಿ ಸಿಕ್ಕಿಬೀಳುತ್ತಾರೆ.

ನೋಟೀಸು ಬರೆಯುವ ಮೊದಲು ಮಾಸ್ತರ ಕಡೆಯ ಕಾಗದಪತ್ರ ನೋಡಬೇಕಿತ್ತು. ನನ್ನ ಅನುಭವದಲ್ಲಿ ಗಡುವು ನೋಟೀಸುಗಳು ಸೋಲುವುದು ಭಾಷೆಯಿಂದಲ್ಲ. ಕಳಿಸಿದವರೇ ಆ ದಿನ ರಿಜಿಸ್ಟ್ರಿಗೆ ಸಿದ್ಧರಿರಲಿಲ್ಲ ಎಂಬುದು ಆಮೇಲೆ ಹೊರಬೀಳುತ್ತದೆ, ಅಲ್ಲಿಗೆ ಕಥೆ ಮುಗಿಯುತ್ತದೆ.

ಕರಾರು ಮಲಯಾಳದಲ್ಲಿತ್ತು. ಸಾಲು ಸಾಲಾಗಿ ಕೂತು ಓದಿದೆವು. ಮಾರುವವರು ಮಾಡಬೇಕಾದ್ದು ಎರಡು ಸಿಕ್ಕಿತು. ಒಂದು, ಜಾಗದ ಮೇಲಿನ ಸಾಲ ತೀರಿಸಿ ಕೊಡಬೇಕು. ಎರಡು, ಅಳತೆ ಮಾಡಿಸಿ, ಅಳತೆಯಲ್ಲಿ ಕಂಡ ಸೆಂಟಿಗೆ ಮಾತ್ರ ಬೆಲೆ ಪಡೆಯಬೇಕು.

ಸಾಲ ಇತ್ತು. ಸಹಕಾರಿ ಬ್ಯಾಂಕಿನಲ್ಲಿ 1 ಲಕ್ಷ 80 ಸಾವಿರ, ಗಹಾನ್ ಅಂದರೆ ಜಾಗದ ಅಡಮಾನದ ಮೇಲೆ. ಕೇರಳದ ಸಹಕಾರಿ ಬ್ಯಾಂಕುಗಳಲ್ಲಿ ಜಾಗದ ಮೇಲೆ ಸಾಲ ತೆಗೆದರೆ ಗಹಾನ್ ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಗೆ ಹೋಗುತ್ತದೆ, ಜಾಗದ ಮೇಲಿನ ಹೊರೆ ತೋರಿಸುವ ಕುಡಿಕಡ ಸರ್ಟಿಫಿಕೇಟಿನಲ್ಲಿ ಕಾಣುತ್ತದೆ. ಸಾಲ ತೀರಿಸಿದರೂ ಗಹಾನ್ ಬಿಡುಗಡೆಯ ಕಾಗದ ಅಲ್ಲಿಗೆ ಹೋಗುವ ತನಕ ಹೊರೆ ಹಾಗೇ ಕಾಣುತ್ತಿರುತ್ತದೆ. ಮಾಸ್ತರು "ಬಾಕಿ ದುಡ್ಡು ಬಂದ ದಿನ ತೀರಿಸ್ತೇನೆ ಅಂತ ಇದ್ದೆ" ಎಂದರು. ಇದು ಎಲ್ಲರೂ ಮಾಡುವ ಲೆಕ್ಕ, ತಪ್ಪೇನಿಲ್ಲ. ಆದರೆ ಕರಾರಿನಲ್ಲಿ "ರಿಜಿಸ್ಟ್ರಿಗೆ ಮೊದಲು ತೀರಿಸಿ" ಎಂದು ಬರೆದಿರುವಾಗ, ಗಹಾನ್ ಇಟ್ಟುಕೊಂಡೇ ಗಡುವು ಕೊಟ್ಟರೆ ಎದುರಿನವರ ವಕೀಲರು ಮೊದಲು ಹಿಡಿಯುವುದು ಅದನ್ನೇ. ತೆಂಗು ಅಡಿಕೆ ಮಾರಿದ ಹಣ, ಮಗಳ ಹತ್ತಿರ ತೆಗೆದುಕೊಂಡದ್ದು, ಎಲ್ಲ ಸೇರಿಸಿ ಫೆಬ್ರವರಿಯಲ್ಲೇ ಸಾಲ ತೀರಿಸಿದರು. ಬಿಡುಗಡೆ ದಾಖಲಾಯಿತು. ಹೊಸ ಕುಡಿಕಡ ಸರ್ಟಿಫಿಕೇಟು ತೆಗೆದೆವು, ಶುಭ್ರವಾಗಿ ಬಂತು.

ಅಳತೆ 2024ರ ನವೆಂಬರಿನಲ್ಲೇ ಆಗಿತ್ತು, ಕೊಳ್ಳುವವರ ತಮ್ಮನ ಎದುರಿನಲ್ಲಿ. ಕಂಡದ್ದು 117 ಸೆಂಟು. ಮೂರು ಸೆಂಟು ಕಡಿಮೆ. ಮಾಸ್ತರು ಇದನ್ನು ದೊಡ್ಡದು ಮಾಡಿರಲಿಲ್ಲ. ನೋಟೀಸಿಗೆ ಇದೇ ದೊಡ್ಡದು. ಕಣ್ಣು ಮುಚ್ಚಿ 42 ಲಕ್ಷದಲ್ಲಿ 7 ಲಕ್ಷ ಕಳೆದು "35 ಲಕ್ಷ ಕೊಡಿ" ಎಂದು ಬರೆದಿದ್ದರೆ, ಕರಾರಿನಲ್ಲಿ ಇಲ್ಲದ ಹಣ ಕೇಳಿದ ಹಾಗಾಗುತ್ತಿತ್ತು. ಸರಿಯಾದ ಲೆಕ್ಕ: 117 ಸೆಂಟಿಗೆ 35,000ದಂತೆ 40,95,000. ಬಂದದ್ದು 7,00,000. ಬಾಕಿ 33,95,000 ರೂಪಾಯಿ. ತಡ ಮಾಡಿದ್ದಕ್ಕೆ ಬಡ್ಡಿಯನ್ನೂ ಸೇರಿಸಿ ಎಂದು ಮಾಸ್ತರು ಹಠ ಹಿಡಿದರು. ಕರಾರಿನಲ್ಲಿ ಬಡ್ಡಿಯ ಮಾತೇ ಇಲ್ಲ. ಬಿಟ್ಟೆವು.

ಇನ್ನು ಎಷ್ಟು ದಿನ ಕೊಡುವುದು? ಕಾನೂನಿನಲ್ಲಿ ಹದಿನೈದು ದಿನ, ಮೂವತ್ತು ದಿನ ಎಂಬ ಸಂಖ್ಯೆ ಇಲ್ಲ. ಆ ಸಂದರ್ಭಕ್ಕೆ ನ್ಯಾಯವೆನಿಸುವ ಸಮಯ ಇರಬೇಕು, ಅಷ್ಟೇ. ಕೊಳ್ಳುವವರು ಗಲ್ಫಿನಲ್ಲಿ. ತಾವೇ ಬರಬೇಕು, ಇಲ್ಲವಾದರೆ ತಮ್ಮನ ಹೆಸರಿಗೆ ಮುಕ್ತ್ಯಾರು ಪತ್ರ ಮಾಡಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು. ಒಂದು ವಾರ ಕೊಟ್ಟರೆ ನಗೆಪಾಟಲು. ಹಾಗಂತ ಮೂರು ತಿಂಗಳು ಕೊಡುವ ಅಗತ್ಯವೂ ಇರಲಿಲ್ಲ, ಏಳು ತಿಂಗಳು ಆಗಲೇ ಕೊಟ್ಟಾಗಿದೆ. ಮಾರ್ಚ್ 3ಕ್ಕೆ ನೋಟೀಸು, ಏಪ್ರಿಲ್ 8 ಮಂಗಳವಾರ ಕೊನೆಯ ದಿನ ಎಂದು ಇಟ್ಟೆವು. "ನೋಟೀಸು ಸಿಕ್ಕಿ 30 ದಿನದೊಳಗೆ" ಎಂದು ಬರೆಯಬಹುದಿತ್ತು. ಆದರೆ ಗಲ್ಫಿನವರಿಗೆ ಯಾವ ದಿನ ಸಿಕ್ಕಿತು ಎಂಬುದೇ ಜಗಳವಾಗುತ್ತದೆ. ಕ್ಯಾಲೆಂಡರಿನ ಒಂದು ದಿನ, ಒಂದು ಗಂಟೆ, ಒಂದು ಜಾಗ ಹೇಳುವುದು ಒಳ್ಳೆಯದು. ಮುಂದಿನ ವಾರ ವಿಷು ಬರುತ್ತದೆ, ಅದರ ಗಡಿಬಿಡಿಯೊಳಗೆ ಹೋಗುವುದು ಬೇಡ ಅಂತಲೂ ಲೆಕ್ಕ ಹಾಕಿದ್ದೆವು.

ನೋಟೀಸು ಕನ್ನಡದಲ್ಲೇ ಬರೆದೆವು. ಕೊಳ್ಳುವವರೂ ಕನ್ನಡ ಶಾಲೆಯಲ್ಲಿ ಓದಿದವರು. ಜೊತೆಗೆ ಇಂಗ್ಲಿಷ್ ಪ್ರತಿ ಇಟ್ಟೆವು. ಮುಖ್ಯ ಭಾಗ ಹೀಗಿತ್ತು:

"2024ರ ಜನವರಿ 10ರ ಕರಾರಿನಂತೆ ನೀವು ಬಾಕಿ ಹಣ ಕೊಟ್ಟು ಜಾಗ ಬರೆಸಿಕೊಳ್ಳಬೇಕಾದ ಅವಧಿ 2024ರ ಜುಲೈ 10ಕ್ಕೆ ಮುಗಿದಿದೆ. ಆ ಬಳಿಕ ನಿಮ್ಮ ಕೋರಿಕೆಯಂತೆ ನನ್ನ ಕಕ್ಷಿದಾರರಾದ ದಂಪತಿ ಕಾದಿದ್ದಾರೆ. ಆಗಸ್ಟಿನಲ್ಲಿ ನೀವು ಕಳಿಸಿದ 3,00,000 ರೂಪಾಯಿಯನ್ನು ಬೆಲೆಗೆ ಜಮಾ ಮಾಡಲಾಗಿದೆ. ಅಳತೆಯಲ್ಲಿ ಕಂಡ 117 ಸೆಂಟಿಗೆ ನಿಮ್ಮಿಂದ ಬರಬೇಕಾದ್ದು 33,95,000 ರೂಪಾಯಿ. ಜಾಗದ ಮೇಲಿದ್ದ ಗಹಾನ್ ಬಿಡುಗಡೆಯಾಗಿದೆ, ದಾಖಲೆಯ ಪ್ರತಿ ಇದರೊಂದಿಗಿದೆ. ಕರಡು ಆಧಾರವೂ ಇದೆ, ತಿದ್ದುಪಡಿ ಇದ್ದರೆ ಮಾರ್ಚ್ 20ರ ಒಳಗೆ ತಿಳಿಸಿ. 2025ರ ಏಪ್ರಿಲ್ 8ರಂದು ಬೆಳಿಗ್ಗೆ 11 ಗಂಟೆಗೆ ನನ್ನ ಕಕ್ಷಿದಾರರಿಬ್ಬರೂ ಬದಿಯಡ್ಕ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂಲ ಆಧಾರ, ತೆರಿಗೆ ರಸೀದಿ ಸಹಿತ ಹಾಜರಿರುತ್ತಾರೆ. ಆ ದಿನದೊಳಗೆ ಬಾಕಿ ಕೊಟ್ಟು ರಿಜಿಸ್ಟ್ರಿ ಮಾಡಿಸಿಕೊಳ್ಳಬೇಕು. ಈ ದಿನಾಂಕ ಕರಾರಿನ ಮುಖ್ಯ ಷರತ್ತು ಎಂದು ಈ ಮೂಲಕ ತಿಳಿಸಲಾಗಿದೆ. ತಪ್ಪಿದರೆ ಕರಾರಿನಲ್ಲಿ ಕೊಟ್ಟ ಹಕ್ಕಿನಂತೆ ಅದನ್ನು ರದ್ದು ಮಾಡಲಾಗುವುದು, ಅಡ್ವಾನ್ಸಿನ ವಿಷಯದಲ್ಲಿ ಕರಾರಿನ ಷರತ್ತು ಅನ್ವಯಿಸುತ್ತದೆ."

"ಕಾನೂನು ಕ್ರಮ ಜರುಗಿಸಲಾಗುವುದು" ಎಂಬ ಖಾಯಂ ಸಾಲನ್ನು ನಾನು ಹಾಕಲಿಲ್ಲ. ಅದರಲ್ಲಿ ಏನಾಗುತ್ತದೆ ಎಂಬುದೇ ಇರುವುದಿಲ್ಲ. ಇಲ್ಲಿ ಎದುರಿನವರಿಗೆ ಗೊತ್ತಾಗಬೇಕಾದ್ದು ರದ್ದತಿ ಎಂಬ ಒಂದೇ ಮಾತು. ಇನ್ನೊಂದು, ಕಳಿಸಿದ್ದು ಇಬ್ಬರ ಹೆಸರಲ್ಲಿ. ಆಧಾರದಲ್ಲಿ ಮಾಸ್ತರ ಹೆಂಡತಿಯ ಹೆಸರೂ ಇರುವಾಗ ಒಬ್ಬರ ನೋಟೀಸಿನಿಂದ ಕರಾರು ಮುರಿಯಲು ಹೋದರೆ ಸುಮ್ನೆ ಒಂದು ತಕರಾರಿಗೆ ಜಾಗ ಕೊಟ್ಟಂತೆ.

ಕರಾರಿನಲ್ಲಿದ್ದ ಊರಿನ ವಿಳಾಸಕ್ಕೆ ಒಂದು, ಗಲ್ಫಿನ ವಿಳಾಸಕ್ಕೆ ಒಂದು ಲಕೋಟೆ ಹೋಯಿತು. ವಾಟ್ಸಾಪಿನಲ್ಲೂ ಪಿಡಿಎಫ್ ಕಳಿಸಿದೆವು, ನೀಲಿ ಟಿಕ್ ಅದೇ ದಿನ ಬಂತು. ಊರಿನ ಲಕೋಟೆಯನ್ನು ಮನೆಯವರು ಬೇಡ ಎಂದರು. "ನಿರಾಕರಿಸಿದ್ದಾರೆ" ಎಂಬ ಷರಾದೊಂದಿಗೆ ವಾಪಸು ಬಂತು. ಮಾಸ್ತರಿಗೆ ಗಾಬರಿ. ಅಷ್ಟು ಗಾಬರಿ ಬೇಕಿಲ್ಲ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಆಗಿ ಕಳಿಸಿದ್ದನ್ನು ಬೇಡ ಎಂದರೆ ಮುಟ್ಟಿದ ಹಾಗೇ ಎಂದು ಕೋರ್ಟು ಹಿಡಿಯುತ್ತದೆ. ಆ ಲಕೋಟೆಯನ್ನು ಒಡೆಯಬಾರದು, ಇದ್ದ ಹಾಗೇ ಫೈಲಿನಲ್ಲಿ ಇಡಬೇಕು. ಒಡೆದರೆ ಒಳಗೆ ಇದ್ದದ್ದು ಇದೇ ನೋಟೀಸೇ ಎಂಬ ಪ್ರಶ್ನೆ ಏಳುತ್ತದೆ. ಅಂದ ಹಾಗೆ 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದೆ. ಈಗ ಕಳಿಸುವವರು ವಿಳಾಸದಾರರ ಸಹಿ ಪಡೆಯುವ ಸೌಲಭ್ಯವನ್ನು ಕೇಳಿ ಹಾಕಿಸಿಕೊಳ್ಳಬೇಕು.

ಮಾರ್ಚ್ ಕೊನೆಗೆ ಅವರ ವಕೀಲರ ಉತ್ತರ ಬಂತು. ಮೂರು ಮಾತು: ಜಾಗ ಕಡಿಮೆ ಇದೆ, ಗಹಾನ್ ಇದೆ, ಲೋನು ಆಗಲು ಇನ್ನೂ ಎರಡು ತಿಂಗಳು ಬೇಕು. ಮೊದಲಿನ ಎರಡಕ್ಕೆ ನೋಟೀಸಿನಲ್ಲೇ ಉತ್ತರ ಇತ್ತು. ಹಳೇ ಕುಡಿಕಡ ಸರ್ಟಿಫಿಕೇಟು ನೋಡಿ ಬರೆದಿದ್ದರು ಅಂತ ಕಾಣುತ್ತದೆ. ಮೂರನೆಯದು ನಮಗೇ ಅನುಕೂಲ. ಹಣ ಇನ್ನೂ ಕೈಯಲ್ಲಿ ಇಲ್ಲ ಎಂದು ಅವರೇ ಬರೆದು ಕೊಟ್ಟಂತಾಯಿತು. ಜಾಗ ಬರೆಸಿಕೊಡಿ ಎಂದು ಕೇಳುವವರು ಮೊದಲಿಂದ ಕೊನೆವರೆಗೆ ಹಣದೊಂದಿಗೆ ಸಿದ್ಧರಿದ್ದೆವು ಎಂದು ತೋರಿಸಬೇಕು. ಆದರೂ ನಮ್ಮ ಮರುಪತ್ರದಲ್ಲಿ ಬಾಗಿಲು ಪೂರ್ತಿ ಮುಚ್ಚಲಿಲ್ಲ: ಏಪ್ರಿಲ್ 8ರ ಒಳಗೆ 10 ಲಕ್ಷ ಬಂದರೆ ಮಾತ್ರ ಏಪ್ರಿಲ್ 30ರವರೆಗೆ ಕಾಯುತ್ತೇವೆ, ಬಾರದಿದ್ದರೆ 8ನೇ ತಾರೀಕೇ ಕೊನೆ. ಷರತ್ತಿಲ್ಲದೆ "ಆಯ್ತು, ಎರಡು ತಿಂಗಳು" ಎಂದಿದ್ದರೆ ಮತ್ತೆ ಜುಲೈನ ಕಥೆಯೇ ಆಗುತ್ತಿತ್ತು.

ಏಪ್ರಿಲ್ 7ರ ಸಂಜೆ ಮಾಸ್ತರ ಖಾತೆಗೆ 50,000 ರೂಪಾಯಿ ಬಂದು ಬಿತ್ತು. ಮೆಸೇಜು ಇಲ್ಲ, ಪತ್ರ ಇಲ್ಲ. ಮಾಸ್ತರು ಫೋನು ಮಾಡಿ "ಬಂದದ್ದು ಬರಲಿ ಅಲ್ವಾ?" ಎಂದರು. ಬೇಡ. ಗಡುವಿನ ಹಿಂದಿನ ದಿನ ಬಂದ ಈ ಚೂರು ಹಣ ಇಟ್ಟುಕೊಂಡರೆ, ಗಡುವು ಮತ್ತೆ ಸಡಿಲವಾಯಿತು ಎಂಬ ವಾದಕ್ಕೆ ಅದೇ ಆಧಾರವಾಗುತ್ತದೆ. ಬ್ಯಾಂಕ್ ಖಾತೆಗೆ ಯಾರು ಬೇಕಾದರೂ ಕೇಳದೆ ಹಣ ಹಾಕಬಹುದು, ತಡೆಯಲಾಗುವುದಿಲ್ಲ. ತಡ ಮಾಡದೆ ವಾಪಸು ಕಳಿಸುವುದಷ್ಟೇ ಕೈಯಲ್ಲಿದೆ. ಮರುದಿನ ಬೆಳಿಗ್ಗೆಯೇ ಬಂದ ಖಾತೆಗೆ ಹಿಂದಿರುಗಿಸಿದೆವು. "ಈ ಮೊತ್ತವನ್ನು ಬಾಕಿಯ ಭಾಗವಾಗಿ ಸ್ವೀಕರಿಸಿಲ್ಲ" ಎಂದು ಎರಡು ಸಾಲು ವಾಟ್ಸಾಪಿನಲ್ಲೂ ಅವರ ವಕೀಲರಿಗೂ ಹೋಯಿತು.

8ರಂದು ದಂಪತಿ ಬದಿಯಡ್ಕಕ್ಕೆ ಬಂದರು. ಒಂದು ಸಣ್ಣ ಸಂಗತಿ ಇಲ್ಲಿ ಕೈಕೊಡಬಹುದಿತ್ತು. ಭೂತೆರಿಗೆಯ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಮಾರ್ಚಿನಲ್ಲಿ ಫೈಲಿಗೆ ಹಾಕಿದ ರಸೀದಿ ಹಳೇ ವರ್ಷದ್ದು. ಹೊಸ ವರ್ಷದ ತೆರಿಗೆ ಕಟ್ಟಿ ರಸೀದಿ ತೆಗೆದಿಟ್ಟಿದ್ದೆವು. ಗಡುವು ಏಪ್ರಿಲಿನಲ್ಲಿ ಬಿದ್ದರೆ ಇದನ್ನು ಮರೆಯಬಾರದು. ಕಚೇರಿಯಲ್ಲಿ ಸುಮ್ನೆ ಕೂತು ಬಂದರೆ ಹೋಗಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಆ ದಿನದ ತಾರೀಕು ಬೀಳುವ ಹಾಗೆ ಅಲ್ಲೊಂದು ನಕಲಿಗೆ ಅರ್ಜಿ ಕೊಟ್ಟು ರಸೀದಿ ಪಡೆಯುವುದು ಹಳೇ ಪದ್ಧತಿ. ಅದನ್ನೇ ಮಾಡಿದೆವು. ಜೊತೆಗೆ ಬಂದಿದ್ದ ಇಬ್ಬರು ನೆರೆಯವರ ಹೇಳಿಕೆ ಬರೆಸಿಕೊಂಡೆವು. ಕೊಳ್ಳುವವರಾಗಲಿ ಅವರ ತಮ್ಮನಾಗಲಿ ಬರಲಿಲ್ಲ.

ಏಪ್ರಿಲ್ 9ಕ್ಕೆ ರದ್ದತಿ ಪತ್ರ ಹೋಯಿತು. ಕೆಲವರು ಗಡುವು ನೋಟೀಸಿನಲ್ಲೇ "ತಪ್ಪಿದರೆ ತನ್ನಿಂದ ತಾನೇ ರದ್ದು" ಎಂದು ಬರೆದು ಸುಮ್ಮನಾಗುತ್ತಾರೆ. ನಾನು ಎರಡನೇ ಪತ್ರ ಕಳಿಸುವವನೇ. ರದ್ದತಿ ಯಾವ ದಿನ, ಯಾವ ಕಾರಣಕ್ಕೆ ಆಯಿತು ಎಂಬುದು ಒಂದು ಕಾಗದದಲ್ಲಿ ಇರುತ್ತದೆ. ಅದು ಇದ್ದರೆ ಮುಂದೆ ದಾವೆ ಹಾಕುವವರು ಆ ರದ್ದತಿ ತಪ್ಪು ಎಂದೂ ಕೇಳಬೇಕಾದ ಸ್ಥಿತಿ ಬರುತ್ತದೆ, 2013ರ ಐ.ಎಸ್. ಸಿಕಂದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ. ರದ್ದು ಮಾಡುವ ಹಕ್ಕು ಕರಾರಿನಲ್ಲೇ ಬರೆದಿದ್ದರೆ ಈ ವಾದ ಗಟ್ಟಿ. ಇಲ್ಲಿ ಬರೆದಿತ್ತು.

ಹಣದ ವಿಷಯದಲ್ಲಿ ಮಾಸ್ತರಿಗೂ ನನಗೂ ಸ್ವಲ್ಪ ವಾದವಾಯಿತು. 7 ಲಕ್ಷವನ್ನೂ ಇಟ್ಟುಕೊಳ್ಳಬೇಕು ಎಂಬುದು ಅವರ ಆಸೆ. ಕರಾರಿನಲ್ಲಿ ಮುಟ್ಟುಗೋಲಿನ ಷರತ್ತು ಇದ್ದದ್ದು 4 ಲಕ್ಷ ಅಡ್ವಾನ್ಸಿಗೆ ಮಾತ್ರ. ಆಗಸ್ಟಿನ 3 ಲಕ್ಷ ಬೆಲೆಯ ಭಾಗವಾಗಿ ಬಂದದ್ದು. ವ್ಯವಹಾರ ಮುರಿದರೆ ಬೆಲೆಯ ಭಾಗವನ್ನು ಹಿಂದಿರುಗಿಸಬೇಕು. ಅಡ್ವಾನ್ಸು ಇಟ್ಟುಕೊಳ್ಳಬಹುದು ಎಂದು 2012ರ ಸತೀಶ್ ಬಾತ್ರಾ ತೀರ್ಪು ಹೇಳುತ್ತದೆ, ಆದರೆ ಅದು ನಿಜವಾಗಿ ವ್ಯವಹಾರ ನಡೆಸುವ ಭರವಸೆಗೆ ಕೊಟ್ಟ ಹಣವಾಗಿರಬೇಕು, ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ತೀರಾ ದೊಡ್ಡ ಮೊತ್ತವಾದರೆ ಕೋರ್ಟು ಅದನ್ನು ದಂಡ ಎಂದು ನೋಡಿ, ಕರಾರು ಕಾಯ್ದೆಯ 74ನೇ ಕಲಮಿನಂತೆ ನ್ಯಾಯವಾದ ಪರಿಹಾರಕ್ಕೆ ಇಳಿಸುತ್ತದೆ. 4 ಲಕ್ಷ ಬೆಲೆಯ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಫ್ಲ್ಯಾಟಿನ ಟೋಕನ್ ಹೋದದ್ದಕ್ಕೆ ರಸೀದಿಯೂ ಇತ್ತು. ಹಾಗಾಗಿ ರದ್ದತಿ ಪತ್ರದ ಜೊತೆಗೇ 3 ಲಕ್ಷದ ಡಿಡಿ ಕಳಿಸಿದೆವು. ಅಡ್ವಾನ್ಸು ಚೆಕ್ಕಿನಲ್ಲಿ ಬಂದಿದ್ದರಿಂದ ಲೆಕ್ಕ ಸುಲಭವಾಯಿತು. ಜಾಗದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಿನಲ್ಲಿ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ 2015ರಿಂದ ಇದೆ, ಆದರೂ ನಮ್ಮ ಕಡೆ ಇನ್ನೂ ಕಟ್ಟು ಕಟ್ಟಾಗಿ ಕೈಬದಲಾಗುವುದನ್ನು ನೋಡುತ್ತೇವೆ.

ಡಿಡಿ ಮೇ ತಿಂಗಳಲ್ಲಿ ನಗದಾಯಿತು. ಅಲ್ಲಿಗೆ ಜಾಗ ಬೇಕು ಎಂಬ ಅವರ ವಾದ ಬಹಳ ಮಟ್ಟಿಗೆ ಸೋತಿತು. ವಾಪಸು ಕೊಟ್ಟ ಬೆಲೆಯನ್ನು ತೆಗೆದುಕೊಂಡವರು ಜಾಗ ಬರೆಸಿಕೊಳ್ಳಲು ಸಿದ್ಧರಿದ್ದೇವೆ ಎನ್ನುವುದು ಕಷ್ಟ. ಉಳಿದದ್ದು 4 ಲಕ್ಷದ ಚೌಕಾಸಿ. ಅವರ ತಮ್ಮ ಬಂದು ಕೂತರು, ಊರಿನ ಹಿರಿಯರೊಬ್ಬರೂ ಇದ್ದರು. ಒಂದೂವರೆ ಲಕ್ಷ ಹಿಂದೆ ಕೊಟ್ಟು ಎರಡೂವರೆ ಲಕ್ಷ ಉಳಿಸಿಕೊಳ್ಳುವುದಕ್ಕೆ ಮಾಸ್ತರು ಒಪ್ಪಿದರು. ಕೇಸು ನಡೆಸಿದ್ದರೆ ಪೂರ್ತಿ ಸಿಗಬಹುದಿತ್ತೋ ಏನೋ, ಆದರೆ ತೋಟ ಅಷ್ಟು ವರ್ಷ ಕಟ್ಟಿಬಿದ್ದಿರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡಲಿಲ್ಲ. ಆ ಒಂದೂವರೆ ಲಕ್ಷ ಕೈಗೆ ಕೊಡುವ ಮೊದಲು ಮುದ್ರಾಂಕ ಕಾಗದದಲ್ಲಿ ರದ್ದತಿ ಒಪ್ಪಿಗೆ ಪತ್ರ ಆಯಿತು. ಕೊಳ್ಳುವವರು ರಜೆಯಲ್ಲಿ ಬಂದಾಗ ತಾವೇ ಸಹಿ ಹಾಕಿದರು, ಕರಾರಿನ ತಮ್ಮ ಮೂಲ ಪ್ರತಿಯನ್ನು ಒಪ್ಪಿಸಿದರು. ಕರಾರು ರಿಜಿಸ್ಟ್ರಿ ಆಗಿರಲಿಲ್ಲ, ಹಾಗಾಗಿ ಇಷ್ಟು ಸಾಕಾಯಿತು. ರಿಜಿಸ್ಟ್ರಿ ಆಗಿದ್ದಿದ್ದರೆ ರದ್ದತಿಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಮಾಡಿಸಬೇಕಿತ್ತು. ತೋಟ ನೋಡಲು ಬಂದ ಹೊಸ ಪಾರ್ಟಿಯ ವಕೀಲರು ಆಧಾರಕ್ಕಿಂತ ಮೊದಲು ಕೇಳಿದ್ದು ಈ ಪತ್ರವನ್ನೇ.